ಬೆಲ್ಲ, ಬಿಳಿ ಸಕ್ಕರೆ, ಜೇನುತುಪ್ಪ, ತಾಳೆ ಸಕ್ಕರೆ: ನಿಮ್ಮ ಕಪ್ಪಿಗೆ ಯಾವುದು?

ಬಿಳಿ ಸಕ್ಕರೆ ಕಡಿಮೆ ಮಾಡಬೇಕು ಅಂತ ಮನಸ್ಸು ಮಾಡಿದವರಿಗೆ ಮರುದಿನ ಬೆಳಿಗ್ಗೆಯೇ ಒಂದು ಪ್ರಶ್ನೆ ಎದುರಾಗುತ್ತದೆ. ಟೀಗೆ ಏನು ಹಾಕಲಿ? ಬೆಲ್ಲ ಒಳ್ಳೆಯದು ಅನ್ನುತ್ತಾರೆ. ಜೇನು ಇನ್ನೂ ಒಳ್ಳೆಯದು ಅನ್ನುವವರೂ ಇದ್ದಾರೆ. ತಾಳೆ ಸಕ್ಕರೆ ತಿಂದರೆ ಶುಗರ್ ಏರುವುದೇ ಇಲ್ಲ ಅಂತ ಹೇಳುವವರೂ ಸಿಗುತ್ತಾರೆ. ಮೂರನ್ನೂ ತಂದಿಟ್ಟುಕೊಂಡು, ಯಾವುದನ್ನು ಎಲ್ಲಿ ಬಳಸಬೇಕು ಅಂತ ಗೊತ್ತಾಗದೆ ಕೂತವರಿಗಾಗಿ ಈ ಬರಹ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ನೀವು ಬಿಡಬೇಕು ಅಂದುಕೊಂಡಿರುವುದು ಸಂಸ್ಕರಿಸಿದ ಸಕ್ಕರೆಯನ್ನೋ, ಅಥವಾ ದಿನಕ್ಕೆ ಹೊಟ್ಟೆಗೆ ಹೋಗುವ ಒಟ್ಟು ಸಕ್ಕರೆಯನ್ನೋ? ಇವೆರಡೂ ಒಂದೇ ಅಲ್ಲ. ಮೊದಲನೆಯದು ಸುಲಭ. ಡಬ್ಬಿ ಬದಲಾಯಿಸಿದರೆ ಆಯಿತು. ಆದರೆ ತೂಕ, ಹಲ್ಲು, ರಕ್ತದ ಸಕ್ಕರೆ, ಲಿವರ್‌ನ ಕೊಬ್ಬು ಇವುಗಳಿಗೆ ಸಂಬಂಧವಿರುವುದು ಎರಡನೆಯದಕ್ಕೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯೂ ಒಟ್ಟು ಲೆಕ್ಕದ್ದೇ. ಆಹಾರಕ್ಕೆ ಮೇಲಿಂದ ಸೇರಿಸುವ ಸಕ್ಕರೆ, ಜೊತೆಗೆ ಜೇನು, ಸಿರಪ್ಪು, ಹಣ್ಣಿನ ರಸದಲ್ಲಿರುವ ಸಕ್ಕರೆ, ಇದೆಲ್ಲ ಸೇರಿ ದಿನದ ಕ್ಯಾಲೊರಿಯ 10 ಶೇಕಡಾಕ್ಕಿಂತ ಕಡಿಮೆ ಇರಬೇಕು. 5 ಶೇಕಡಾಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಇಡೀ ಹಣ್ಣು ಮತ್ತು ಹಾಲಿನಲ್ಲಿ ತಾನಾಗಿಯೇ ಇರುವ ಸಕ್ಕರೆ ಈ ಲೆಕ್ಕಕ್ಕೆ ಬರುವುದಿಲ್ಲ. ಜೇನು ಬರುತ್ತದೆ. ಬೆಲ್ಲಕ್ಕೂ ತಾಳೆ ಸಕ್ಕರೆಗೂ ರಿಯಾಯಿತಿ ಇಲ್ಲ.

ಯಾವುದನ್ನು ನೋಡಿ ಅಳೆಯಬೇಕು

ನಾನು ನಾಲ್ಕು ಮಾತು ಕೇಳುತ್ತೇನೆ. ಒಂದು ಚಮಚದಲ್ಲಿ ನಿಜವಾಗಿ ಎಷ್ಟು ಸಕ್ಕರೆ ಇದೆ? ಅದೇ ಸಿಹಿ ಬರಬೇಕಾದರೆ ಎಷ್ಟು ಚಮಚ ಬೇಕು? ಕಬ್ಬಿಣ, ಖನಿಜ ಅಂತ ಹೇಳುವ ಲಾಭ ನಾವು ತಿನ್ನುವ ಪ್ರಮಾಣದಲ್ಲಿ ಸಿಗುತ್ತದಾ? ಕೊನೆಗೆ, ಕೊಂಡದ್ದು ಅಸಲಿಯೇ ಅಂತ ತಿಳಿಯುವ ದಾರಿ ಇದೆಯಾ, ಮತ್ತು ಕೊಟ್ಟ ದುಡ್ಡಿಗೆ ತಕ್ಕದ್ದು ಸಿಕ್ಕಿತಾ?

ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ತಿಂದ ಪದಾರ್ಥ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ಹೇಳುವ ಅಂಕಿ, ಅದನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಯಾಕೆ ಅಂತ ತಾಳೆ ಸಕ್ಕರೆಯ ಹತ್ತಿರ ಹೇಳುತ್ತೇನೆ.

ಬಿಳಿ ಸಕ್ಕರೆ

ಕಬ್ಬಿನ ರಸವನ್ನು ತಿಳಿ ಮಾಡಿ, ಕುದಿಸಿ, ಹರಳುಗಟ್ಟಿಸಿ, ಅದಕ್ಕೆ ಅಂಟಿದ ಕಾಕಂಬಿಯನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಉಳಿಯುವುದು ಬಹುತೇಕ ಶುದ್ಧ ಸುಕ್ರೋಸ್. 99 ಶೇಕಡಾಕ್ಕೂ ಜಾಸ್ತಿ. ಹೊಟ್ಟೆಯಲ್ಲಿ ಇದು ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ಬೇರೆ ಏನೂ ಇಲ್ಲ. ವಿಟಮಿನ್ ಇಲ್ಲ, ಖನಿಜವಿಲ್ಲ, ತನ್ನದೇ ಅನ್ನುವ ವಾಸನೆಯೂ ಇಲ್ಲ.

ಆದರೂ ಇದಕ್ಕೊಂದು ಗುಣವಿದೆ, ಅದನ್ನು ಯಾರೂ ಹೇಳುವುದಿಲ್ಲ. ಇದರ ಲೆಕ್ಕ ತಪ್ಪುವುದಿಲ್ಲ. ತಲೆ ಸವರಿದ ಒಂದು ಟೀ ಚಮಚ ಅಂದರೆ ಸುಮಾರು 4 ಗ್ರಾಂ, 16 ಕ್ಯಾಲೊರಿ. ಇವತ್ತೂ ಅಷ್ಟೇ, ಮುಂದಿನ ತಿಂಗಳೂ ಅಷ್ಟೇ. ಕಲಬೆರಕೆಯ ಚಿಂತೆ ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಪ್ರಮಾಣ ಇಳಿಸುವವರಿಗೆ ಇದು ಚಿಕ್ಕ ಅನುಕೂಲವೇನಲ್ಲ.

ಬೆಲ್ಲ

ಬೆಲ್ಲ ಕೂಡ ಅದೇ ಕಬ್ಬಿನ ರಸ. ಕೊಪ್ಪರಿಗೆಯಲ್ಲಿ ಕುದಿಸಿ, ಮೇಲೆ ಬರುವ ಮಡ್ಡಿ ತೆಗೆದು, ಗಟ್ಟಿಯಾಗುವ ತನಕ ಕಾಯಿಸಿ ಅಚ್ಚಿಗೆ ಸುರಿಯುತ್ತಾರೆ. ಕಾಕಂಬಿ ಬೇರೆಯಾಗುವುದಿಲ್ಲ. ಹಾಗಾಗಿ ಬಣ್ಣ, ವಾಸನೆ, ಸ್ವಲ್ಪ ಖನಿಜ ಎಲ್ಲವೂ ಒಳಗೇ ಉಳಿಯುತ್ತವೆ. ಒಂದಷ್ಟು ನೀರಿನಂಶವೂ ಇರುತ್ತದೆ. ಎಲ್ಲ ಕಳೆದು ನೋಡಿದರೆ, ಒಳ್ಳೆಯ ಬೆಲ್ಲದಲ್ಲಿ ಸುಮಾರು 85ರಿಂದ 90 ಶೇಕಡಾ ಸಕ್ಕರೆಯೇ. ಅದರಲ್ಲಿ ಹೆಚ್ಚಿನ ಭಾಗ ಬಿಳಿ ಸಕ್ಕರೆಯಲ್ಲಿರುವ ಅದೇ ಸುಕ್ರೋಸ್.

ಬೆಲ್ಲದ ಪರವಾಗಿ ಜಾಸ್ತಿ ಕೇಳುವ ಮಾತು ಕಬ್ಬಿಣದ್ದು. ಇರುವುದು ನಿಜ. ಎಷ್ಟಿದೆ ಅನ್ನೋದು ಮಣ್ಣು, ರಸವನ್ನು ತಿಳಿ ಮಾಡಿದ ರೀತಿ, ಕುದಿಸಿದ ಪಾತ್ರೆ ಇವುಗಳ ಮೇಲೆ ಹೋಗುತ್ತದೆ, ಹಾಗಾಗಿ ಒಂದು ಅಚ್ಚಿನಿಂದ ಇನ್ನೊಂದಕ್ಕೆ ವ್ಯತ್ಯಾಸ ದೊಡ್ಡದು. ಲೆಕ್ಕಕ್ಕೆ ಅಂತ 100 ಗ್ರಾಂಗೆ 5 ಮಿಲಿಗ್ರಾಂ ಅಂತ ಹಿಡಿಯೋಣ. ದಿನಕ್ಕೆ 30 ಗ್ರಾಂ ಬೆಲ್ಲ ತಿಂದರೆ 1.5 ಮಿಲಿಗ್ರಾಂ ಬಂತು. ಹೆರುವ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಬೇಕಿರುವುದು 18 ಮಿಲಿಗ್ರಾಂ ಅಥವಾ ಅದಕ್ಕೂ ಜಾಸ್ತಿ. ಅಲ್ಲದೆ ಇದು ಗಿಡಮೂಲದ ಕಬ್ಬಿಣ, ದೇಹ ಇದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಹೀರಿಕೊಳ್ಳುತ್ತದೆ. ಅದನ್ನೇ ಟೀ, ಕಾಫಿಗೆ ಹಾಕಿ ಕುಡಿದರೆ? ಅವುಗಳಲ್ಲಿರುವ ಒಗರಿನ ಅಂಶ ಆ ಸ್ವಲ್ಪವನ್ನೂ ತಡೆಯುತ್ತದೆ. ಬೆಲ್ಲದ ಟೀ ಕುಡಿದು ರಕ್ತಹೀನತೆ ಹೋಗುತ್ತದೆ ಅಂತ ಕಾಯುವವರು ಸುಮ್ನೆ ಸಕ್ಕರೆ ತಿನ್ನುತ್ತಿರುತ್ತಾರೆ, ಅಷ್ಟೇ. ಕಬ್ಬಿಣ ಬೇಕಿದ್ದರೆ ಕಾಳು, ಸೊಪ್ಪು, ಮಾಂಸ, ಅಗತ್ಯ ಬಿದ್ದರೆ ವೈದ್ಯರು ಕೊಡುವ ಮಾತ್ರೆ ಇವೆ.

ಹಾಗಂತ ಬೆಲ್ಲ ಬೇಡ ಅಂತಲ್ಲ. ಅದರ ನಿಜವಾದ ಲಾಭ ರುಚಿಯಲ್ಲಿದೆ. ಬೆಲ್ಲಕ್ಕೆ ತನ್ನದೇ ಘಮ ಇದೆ, ಬಾಯಿಗೆ ತುಂಬಿದಂತೆ ಅನ್ನಿಸುತ್ತದೆ. ಆ ಘಮ ಇಷ್ಟವಾದವರಿಗೆ ಕಡಿಮೆ ಸಿಹಿಯಲ್ಲೂ ತೃಪ್ತಿ ಸಿಗುತ್ತದೆ. ಇಷ್ಟವಾಗದವರು ಮೊದಲಿನ ಸಿಹಿ ಬರುವ ತನಕ ಹಾಕುತ್ತಾ ಹೋಗುತ್ತಾರೆ. ನೀವು ಯಾವ ಗುಂಪು ಅನ್ನೋದು ವಾರದೊಳಗೆ ಗೊತ್ತಾಗುತ್ತದೆ.

ಅಡುಗೆಮನೆಯ ತೊಂದರೆ ಒಂದಿದೆ. ಬೆಲ್ಲದಲ್ಲಿ ಸ್ವಲ್ಪ ಹುಳಿಯೂ ಲವಣಗಳೂ ಇರುವುದರಿಂದ, ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಆರಲು ಬಿಟ್ಟು, ಆಮೇಲೆ ಹಾಕಿ ಕಲಸಿ. ಇಲ್ಲವೇ ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ ಇಟ್ಟುಕೊಂಡು ಕಪ್ಪಿಗೆ ಸೇರಿಸಿ. ಸೋಸಿದರೆ ತಳದ ಮಣ್ಣು, ಕಸವೂ ಹೋಗುತ್ತದೆ.

ಕೊಳ್ಳುವಾಗ ತುಂಬಾ ತಿಳಿ ಹಳದಿ ಬಣ್ಣ ಕಂಡರೆ ಹುಷಾರು. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಕೆಲವರು ಹೈಡ್ರೋಸ್ ಅನ್ನುವ ಬಿಳುಪು ಮಾಡುವ ರಾಸಾಯನಿಕ ಹಾಕುತ್ತಾರೆ. ಹಾಗಂತ ಕಪ್ಪಾಗಿರುವುದೆಲ್ಲ ಶುದ್ಧ ಅಂತಲೂ ಇಲ್ಲ. ಹೆಚ್ಚು ಕಾಯಿಸಿದ್ದೂ ಕಪ್ಪಾಗುತ್ತದೆ, ಹಳೆಯದೂ ಕಪ್ಪಾಗುತ್ತದೆ. ನಡುವಿನ ಕಂದು ಬಣ್ಣ, ಕಹಿಯಿಲ್ಲದ, ಉಪ್ಪುಪ್ಪಾಗಿ ಇರದ ರುಚಿ, ಇವನ್ನು ನೋಡಿ ಕೊಳ್ಳಿ. ಪುಡಿ ಮಾಡಿದ ಬೆಲ್ಲಕ್ಕಿಂತ ಅಚ್ಚಿನ ಬೆಲ್ಲ ನನಗೆ ಮೇಲು ಅನ್ನಿಸುತ್ತದೆ. ಪುಡಿಯಲ್ಲಿ ಸಕ್ಕರೆ ಬೆರೆತರೆ ಕಣ್ಣಿಗೆ ಗೊತ್ತಾಗುವುದು ಕಷ್ಟ.

ಜೇನುತುಪ್ಪ

ಜೇನಿನಲ್ಲಿ 17ರಿಂದ 20 ಶೇಕಡಾ ನೀರು. ಉಳಿದದ್ದರಲ್ಲಿ ಬಹುಪಾಲು ಸಕ್ಕರೆ: ಸುಮಾರು 38 ಶೇಕಡಾ ಫ್ರಕ್ಟೋಸ್, 31 ಶೇಕಡಾ ಗ್ಲೂಕೋಸ್, ಜೊತೆಗೆ ಸ್ವಲ್ಪ ಬೇರೆ ಸಕ್ಕರೆಗಳು. ತೂಕಕ್ಕೆ ತೂಕ ನೋಡಿದರೆ ನಾಲ್ಕರಲ್ಲಿ ಕಡಿಮೆ ಸಕ್ಕರೆ ಇರುವುದು ಇದರಲ್ಲೇ. 100 ಗ್ರಾಂ ಸಕ್ಕರೆಯಲ್ಲಿ 387 ಕ್ಯಾಲೊರಿ ಇದ್ದರೆ ಜೇನಿನಲ್ಲಿ ಸುಮಾರು 304.

ಆದರೆ ನಾವು ತೂಕ ಮಾಡುವುದಿಲ್ಲ, ಚಮಚದಲ್ಲಿ ಹಾಕುತ್ತೇವೆ. ಮೋಸ ಹೋಗುವುದು ಇಲ್ಲೇ. ಜೇನು ಗಟ್ಟಿ ದ್ರವ. ಒಂದು ಟೀ ಚಮಚ ಜೇನು ಸುಮಾರು 7 ಗ್ರಾಂ ತೂಗುತ್ತದೆ, 21 ಕ್ಯಾಲೊರಿ ಕೊಡುತ್ತದೆ. ಅಂದರೆ ಒಂದು ಚಮಚ ಸಕ್ಕರೆಯ ಬದಲು ಒಂದು ಚಮಚ ಜೇನು ಹಾಕಿದವರು ಸಕ್ಕರೆಯನ್ನು ಇಳಿಸಿಲ್ಲ, ಏರಿಸಿದ್ದಾರೆ. ಸಿಹಿಯ ಲೆಕ್ಕದಲ್ಲಿ ನೋಡಿದರೆ ಒಂದು ಚಮಚ ಸಕ್ಕರೆಗೆ ಅರ್ಧ ಚಮಚಕ್ಕಿಂತ ಸ್ವಲ್ಪ ಜಾಸ್ತಿ ಜೇನು ಸಾಕು.

ಇನ್ನೊಂದು ಸೂಕ್ಷ್ಮ ಇದೆ. ಫ್ರಕ್ಟೋಸ್ ತಣ್ಣಗಿರುವಾಗ ಜಾಸ್ತಿ ಸಿಹಿ, ಬಿಸಿಯಲ್ಲಿ ಅದರ ಸಿಹಿ ಇಳಿಯುತ್ತದೆ. ಹಾಗಾಗಿ ಮೊಸರು, ಹಣ್ಣು, ತಣ್ಣನೆಯ ನಿಂಬೆ ನೀರು ಇವಕ್ಕೆ ಹಾಕಿದ ಜೇನು ಚೆನ್ನಾಗಿ ಕೆಲಸ ಮಾಡುತ್ತದೆ. ಸುಡುವ ಟೀಗೆ ಹಾಕಿದರೆ ಸಿಹಿಯೂ ಕಡಿಮೆ ಅನ್ನಿಸುತ್ತದೆ, ಹೂವಿನ ಘಮವೂ ಹಾರಿಹೋಗುತ್ತದೆ. ಬಿಸಿ ಮಾಡಿದ ಜೇನು ವಿಷವಾಗುತ್ತದೆ ಅನ್ನುವ ಭಯ ಇಟ್ಟುಕೊಳ್ಳಬೇಕಿಲ್ಲ. ಕಾಯಿಸಿದಾಗ ಎಚ್‌ಎಂಎಫ್ ಅನ್ನುವ ಒಂದು ವಸ್ತು ಹುಟ್ಟುವುದು ನಿಜ, ಆದರೆ ಅದು ಕಾಫಿಯಲ್ಲೂ ಬ್ರೆಡ್ಡಿನಲ್ಲೂ ಇರುತ್ತದೆ. ಕಪ್ಪಿನಲ್ಲಿ ಕಲಸಿದ ಒಂದು ಚಮಚದಿಂದ ಹುಟ್ಟುವುದು ತೀರಾ ಅತ್ಯಲ್ಪ. ನಷ್ಟ ಆಗುವುದು ದುಡ್ಡಿಗೆ: ಘಮಕ್ಕೆ ಅಂತ ಅಷ್ಟು ಬೆಲೆ ಕೊಟ್ಟು ಅದನ್ನೇ ಹಬೆಯಲ್ಲಿ ಕಳೆದ ಹಾಗೆ.

ಯಾರಿಗೆ ಜೇನು ಬೇಡ? ಒಂದು ವರ್ಷ ತುಂಬದ ಮಗುವಿಗೆ ಒಂದು ಹನಿಯೂ ಬೇಡ. ಜೇನಿನಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ, ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲವು. ಕುದಿಸಿದರೂ ಆ ಬೀಜಕಗಳು ಸಾಯುವುದಿಲ್ಲ. ಇದನ್ನು ಬಿಟ್ಟರೆ, ಫ್ರಕ್ಟೋಸ್ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವವರಿಗೂ ಜೇನು ಒಗ್ಗುವುದಿಲ್ಲ, ಯಾಕೆಂದರೆ ಅದರಲ್ಲಿ ಗ್ಲೂಕೋಸ್‌ಗಿಂತ ಫ್ರಕ್ಟೋಸ್ ಜಾಸ್ತಿ. ಅಂಥವರಿಗೆ ಸ್ವಲ್ಪ ಬೆಲ್ಲ ಅಥವಾ ಬಿಳಿ ಸಕ್ಕರೆಯೇ ಎಷ್ಟೋ ವಾಸಿ.

ಅಸಲಿ ಜೇನು ಕಂಡುಹಿಡಿಯುವ ಮನೆಯ ಪರೀಕ್ಷೆಗಳನ್ನು ನಂಬಬೇಡಿ. ನೀರಿಗೆ ಹಾಕಿದರೆ ತಳಕ್ಕೆ ಹೋಗಬೇಕು, ಬತ್ತಿಗೆ ಅದ್ದಿ ಹಚ್ಚಿದರೆ ಉರಿಯಬೇಕು, ಉಗುರಿನ ಮೇಲೆ ಹರಿಯಬಾರದು, ಇವೆಲ್ಲ ತೋರಿಸುವುದು ಜೇನು ಎಷ್ಟು ಗಟ್ಟಿ, ನೀರು ಎಷ್ಟಿದೆ ಅನ್ನೋದನ್ನು ಮಾತ್ರ. ಗಟ್ಟಿ ಸಕ್ಕರೆ ಪಾಕವೂ ಇವನ್ನು ಪಾಸು ಮಾಡುತ್ತದೆ. ಪ್ರಯೋಗಾಲಯದ ಪರೀಕ್ಷೆಗೂ ಮಿತಿ ಇದೆ. ಕಬ್ಬು, ಜೋಳದ ಪಾಕ ಬೆರೆಸಿದ್ದನ್ನು ಇಂಗಾಲದ ಐಸೋಟೋಪ್ ಪರೀಕ್ಷೆ ಹಿಡಿಯುತ್ತದೆ, ಅಕ್ಕಿಯ ಪಾಕ ಅದರಿಂದ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಬೇರೆ ದುಬಾರಿ ಪರೀಕ್ಷೆಗಳು ಬೇಕು. ಹಾಗಾಗಿ ನಾವು ಮಾಡಬಹುದಾದದ್ದು ಇಷ್ಟೇ: ಯಾರು, ಎಲ್ಲಿ ತೆಗೆದದ್ದು ಅಂತ ಗೊತ್ತಿರುವ ಜೇನು ಕೊಳ್ಳುವುದು. ಹರಳುಗಟ್ಟಿದ ಜೇನನ್ನು ಮಾತ್ರ ನಕಲಿ ಅಂತ ಎಸೆಯಬೇಡಿ. ಗ್ಲೂಕೋಸ್ ಜಾಸ್ತಿ ಇರುವ ಜೇನು ಹರಳುಗಟ್ಟುವುದು ಸಹಜ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಮತ್ತೆ ಕರಗುತ್ತದೆ.

ತಾಳೆ ಸಕ್ಕರೆ, ತೆಂಗಿನ ಸಕ್ಕರೆ

ತಾಳೆ, ಈಚಲು, ತೆಂಗು ಮುಂತಾದ ಮರಗಳ ರಸವನ್ನು ಇಳಿಸಿ ಕಾಯಿಸಿದರೆ ಇದು ಸಿಗುತ್ತದೆ. ತೆಂಗಿನಲ್ಲಾದರೆ ಹೊಂಬಾಳೆಯ ರಸ. ಆ ರಸ ಕೆಲವೇ ಗಂಟೆಗಳಲ್ಲಿ ಹುಳಿಯಾಗಿ ಹೆಂಡವಾಗುತ್ತದೆ, ಆದ್ದರಿಂದ ಬೇಗ ಇಳಿಸಿ ಬೇಗ ಕಾಯಿಸಬೇಕು. ಬೆಲೆ ಏರುವುದಕ್ಕೆ ಈ ಕೆಲಸದ ಕಷ್ಟವೇ ಮುಖ್ಯ ಕಾರಣ. ರುಚಿ ಮಾತ್ರ ಸೊಗಸು, ಕ್ಯಾರಮೆಲ್‌ನ ಹಾಗೆ. ಆದರೆ ಒಳಗಿರುವುದು? ಇದರಲ್ಲೂ ಬಹುಪಾಲು ಸುಕ್ರೋಸ್. ಕ್ಯಾಲೊರಿ ಸಕ್ಕರೆಗೆ ಬಹಳ ಹತ್ತಿರ.

ಇದರ ಹೆಸರು ಬಂದದ್ದು ಗ್ಲೈಸೆಮಿಕ್ ಇಂಡೆಕ್ಸ್‌ನಿಂದ. ಫಿಲಿಪ್ಪೀನ್ಸ್‌ನಲ್ಲಿ ಒಂದು ಸಣ್ಣ ಗುಂಪಿನ ಮೇಲೆ ಮಾಡಿದ ಪರೀಕ್ಷೆಯಲ್ಲಿ ತೆಂಗಿನ ಸಕ್ಕರೆಗೆ 35 ಬಂತು. ಪೊಟ್ಟಣಗಳ ಮೇಲೆ ಅದೇ ಅಂಕಿ ಓಡಾಡಿತು. ಸಿಡ್ನಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಅದೇ ಪದಾರ್ಥಕ್ಕೆ 54 ಬಂತು. ಬಿಳಿ ಸಕ್ಕರೆಯದು ಸುಮಾರು 65. ಒಂದೇ ಪದಾರ್ಥಕ್ಕೆ ಇಷ್ಟು ವ್ಯತ್ಯಾಸ ಬರುತ್ತಿರುವಾಗ, ಅದನ್ನು ನಂಬಿ ಒಂದು ಚಮಚ ಜಾಸ್ತಿ ಹಾಕಿಕೊಳ್ಳುವುದು ಜಾಣತನವಲ್ಲ. ಈ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಆ ಪದಾರ್ಥವೊಂದನ್ನೇ ಕೊಟ್ಟು ರಕ್ತ ನೋಡುತ್ತಾರೆ. ನಾವು ಹಾಗೆ ತಿನ್ನುವುದಿಲ್ಲ ಅಲ್ವಾ? ಇದಕ್ಕೇ ಇಂಡೆಕ್ಸನ್ನು ಮೊದಲೇ ಪಕ್ಕಕ್ಕಿಟ್ಟದ್ದು. ಡಯಾಬಿಟಿಸ್ ಇರುವವರು ಈ ನಾಲ್ಕನ್ನೂ ಸಕ್ಕರೆ ಅಂತಲೇ ಎಣಿಸಬೇಕು.

ಇನ್ನೊಂದು ಮಾತು. ಬೆಲೆ ಜಾಸ್ತಿ ಇರುವ ಕಡೆ ಬೆರಕೆಯ ಆಸೆಯೂ ಜಾಸ್ತಿ. ತಾಳೆ ಸಕ್ಕರೆಗೆ ಕಬ್ಬಿನ ಸಕ್ಕರೆ ಬೆರೆಸಿದರೆ ನಾಲಿಗೆಯಿಂದ ಹೇಳುವುದು ಕಷ್ಟ. ಪೊಟ್ಟಣದ ಹಿಂದೆ ಪದಾರ್ಥಗಳ ಸಾಲು ಓದಿ. ಎಷ್ಟೋ ಸಲ ಅಲ್ಲೇ ಕಬ್ಬಿನ ಸಕ್ಕರೆಯ ಹೆಸರು ಇರುತ್ತದೆ.

ಮೂರು ಕಪ್ಪಿನ ಲೆಕ್ಕ

ಈಗ ಒಬ್ಬರ ದಿನವನ್ನು ತೆಗೆದುಕೊಳ್ಳೋಣ. ದಿನಕ್ಕೆ ಮೂರು ಕಪ್ ಟೀ, ಪ್ರತಿ ಕಪ್ಪಿಗೆ ಎರಡು ಚಮಚ ಸಕ್ಕರೆ. ಆರು ಚಮಚ, ಅಂದರೆ 24 ಗ್ರಾಂ. ಬರೀ ಟೀಯಿಂದಲೇ 25 ಗ್ರಾಂನ ಗಡಿ ಮುಟ್ಟಿತು.

ಇವರು ಬೆಲ್ಲಕ್ಕೆ ಹೋದರು ಅನ್ನಿ. ಬೆಲ್ಲದ ಸಿಹಿ ಸ್ವಲ್ಪ ಕಡಿಮೆ. ಮೊದಲಿನಷ್ಟೇ ಸಿಹಿ ಬೇಕು ಅಂದರೆ ಕಾಲು ಭಾಗ ಜಾಸ್ತಿ ಹಾಕುತ್ತಾರೆ, 30 ಗ್ರಾಂ ಆಯಿತು. ಅದರಲ್ಲಿ ಸಕ್ಕರೆಯ ಅಂಶ 26 ಗ್ರಾಂ. ಇಳಿಯಲಿಲ್ಲ, ತುಸು ಏರಿತು. ಸಿಹಿ ಕಡಿಮೆಯಾದರೂ ಪರವಾಗಿಲ್ಲ ಅಂತ 24 ಗ್ರಾಂ ಬೆಲ್ಲಕ್ಕೇ ನಿಲ್ಲಿಸಿದರೆ ಸುಮಾರು 21 ಗ್ರಾಂ ಸಕ್ಕರೆ. ಉಳಿದದ್ದು 3 ಗ್ರಾಂ.

ಜೇನಿನಲ್ಲಿ ಎರಡು ದಾರಿ. ಆರು ಚಮಚ ಸಕ್ಕರೆಯ ಜಾಗಕ್ಕೆ ಆರು ಚಮಚ ಜೇನು ಸುರಿದರೆ 42 ಗ್ರಾಂ ಜೇನು, ಅದರಲ್ಲಿ ಸುಮಾರು 34 ಗ್ರಾಂ ಸಕ್ಕರೆ. ತೂಗಿ 24 ಗ್ರಾಂ ಹಾಕಿದರೆ, ಅಂದರೆ ದಿನಕ್ಕೆ ಮೂರೂವರೆ ಚಮಚದ ಒಳಗೆ ಮುಗಿಸಿದರೆ, 20 ಗ್ರಾಂ. ಒಂದೇ ಡಬ್ಬಿ, ಕೈಯಳತೆಯ ಮೇಲೆ 14 ಗ್ರಾಂ ವ್ಯತ್ಯಾಸ. ತಾಳೆ ಸಕ್ಕರೆಯಲ್ಲಿ ಆರು ಚಮಚಕ್ಕೆ 22 ಗ್ರಾಂ ಆಸುಪಾಸು. ದುಡ್ಡು ಕೊಟ್ಟದ್ದಕ್ಕೆ ಸಿಕ್ಕ ಇಳಿತ ಅಷ್ಟೇ.

ಈಗ ಬಿಳಿ ಸಕ್ಕರೆಯನ್ನೇ ಇಟ್ಟುಕೊಂಡು ಪ್ರತಿ ಕಪ್ಪಿನಿಂದ ಕಾಲು ಚಮಚ ತೆಗೆಯಿರಿ. ಮೂರು ಕಪ್ಪಿಗೆ ಮುಕ್ಕಾಲು ಚಮಚ, ಅಂದರೆ 3 ಗ್ರಾಂ. ಬೆಲ್ಲಕ್ಕೆ ಬದಲಾಯಿಸಿ ಉಳಿಸಿದ್ದೂ ಅಷ್ಟೇ ತಾನೇ? ಕಾಲು ಚಮಚದ ವ್ಯತ್ಯಾಸ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಎರಡು ವಾರಕ್ಕೊಮ್ಮೆ ಇನ್ನೊಂದು ಕಾಲು ಚಮಚ ತೆಗೆಯುತ್ತಾ ಹೋದರೆ ಎರಡು ತಿಂಗಳ ಒಳಗೆ ಕಪ್ಪಿಗೆ ಒಂದು ಚಮಚ. ದಿನಕ್ಕೆ 12 ಗ್ರಾಂ, ಸರಿಯಾಗಿ ಅರ್ಧ. ಒಮ್ಮೆಲೇ ಅರ್ಧಕ್ಕೆ ಇಳಿಸಿದವರು ಸಾಮಾನ್ಯವಾಗಿ ನಾಲ್ಕನೇ ದಿನ ಹಳೆಯ ಅಳತೆಗೇ ಮರಳುತ್ತಾರೆ. ನಿಧಾನವಾಗಿ ಇಳಿಸಿದವರಿಗೆ ಹಳೆಯ ಎರಡು ಚಮಚದ ಟೀ ಪಾನಕದ ಹಾಗೆ ಅನ್ನಿಸತೊಡಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ ಇದ್ದು ಸಕ್ಕರೆ ಇಳಿಸುವುದೇ ಗುರಿಯಾದರೆ ಬಿಳಿ ಸಕ್ಕರೆಯನ್ನೇ ಇಟ್ಟುಕೊಳ್ಳಿ, ಚಮಚ ಮಾತ್ರ ಚಿಕ್ಕದು ಮಾಡಿ. ಇದು ಕೇಳಲು ಸಪ್ಪೆ. ಆದರೆ ನಾಲ್ಕರಲ್ಲಿ ಇಳಿತ ಜಾಸ್ತಿ ಕಾಣುವುದು ಇದರಲ್ಲೇ.

ಸಿಹಿ ತಿಂಡಿ ಮಾಡುವ ಮನೆಯಾದರೆ ಬೆಲ್ಲಕ್ಕೆ ಜಾಗ ಕೊಡಿ. ತಿಂಡಿಯಲ್ಲಿ ಅದರ ಘಮ ಎದ್ದು ಕಾಣುತ್ತದೆ, ಹಾಗಾಗಿ ಹೇಳಿದ ಅಳತೆಗಿಂತ ಕಾಲು ಭಾಗ ಕಡಿಮೆ ಹಾಕಿದರೂ ಯಾರೂ ಗುರುತಿಸುವುದಿಲ್ಲ. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಮಿತಿಗೊಳಿಸಲು ಹೇಳಿದ್ದರೆ ಮಾತ್ರ ಬೆಲ್ಲದ ಬಗ್ಗೆ ವೈದ್ಯರನ್ನು ಕೇಳಿ. ಬಿಳಿ ಸಕ್ಕರೆಯಲ್ಲಿ ಇಲ್ಲದ ಪೊಟ್ಯಾಸಿಯಂ ಇದರಲ್ಲಿ ಸಾಕಷ್ಟಿದೆ.

ಜೇನನ್ನು ತಣ್ಣನೆಯ ಪದಾರ್ಥಕ್ಕೆ, ಮೇಲಿಂದ ಸುರಿಯುವುದಕ್ಕೆ ಮೀಸಲಿಡಿ. ಕಲಸದೆ ಮೇಲೆ ಸುರಿದರೆ ನಾಲಿಗೆಗೆ ಮೊದಲು ಸಿಗುವುದು ಅದೇ, ಅರ್ಧ ಚಮಚ ಸಾಕಾಗುತ್ತದೆ. ಬಾಟಲಿಯಿಂದ ನೇರವಾಗಿ ಹಿಂಡಬೇಡಿ, ಚಮಚಕ್ಕೆ ಹಾಕಿ ನೋಡಿ ಸುರಿಯಿರಿ. ಕೇಕಿಗೆ ಹಾಕುವವರು ಒಂದು ಕಪ್ ಸಕ್ಕರೆಗೆ ಮುಕ್ಕಾಲು ಕಪ್ ಜೇನು ಹಾಕಿ, ಉಳಿದ ದ್ರವವನ್ನು ಸ್ವಲ್ಪ ಕಡಿಮೆ ಮಾಡಿ, ಓವನ್ನಿನ ಶಾಖವನ್ನು 15 ಡಿಗ್ರಿ ಇಳಿಸಿ. ಇಲ್ಲದಿದ್ದರೆ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗುತ್ತದೆ.

ತಾಳೆ ಸಕ್ಕರೆಯನ್ನು ರುಚಿಗಾಗಿ ಕೊಳ್ಳಿ, ದುಡ್ಡಿಗೆ ತೊಂದರೆ ಇಲ್ಲದಿದ್ದರೆ. ಆರೋಗ್ಯಕ್ಕೆ ಅಂತ ಆ ಬೆಲೆ ಕೊಡುವುದಾದರೆ ನಾನು ಬೇಡ ಅನ್ನುತ್ತೇನೆ. ಅದೇ ದುಡ್ಡಿಗೆ ಹಣ್ಣು ಬರುತ್ತದೆ.

ಹಲ್ಲಿನ ವಿಷಯದಲ್ಲಿ ನಾಲ್ಕಕ್ಕೂ ಭೇದವಿಲ್ಲ. ಬೆಲ್ಲದ ತುಂಡು ಚೀಪುವವರು, ಜೇನು ನೆಕ್ಕುವವರು ಒಂದು ಗುಟುಕು ನೀರು ಬಾಯಲ್ಲಿ ತಿರುಗಿಸಿ ನುಂಗಿದರೆ ಒಳ್ಳೆಯದು, ಅಂಟು ಪದಾರ್ಥ ಹಲ್ಲಿನ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತದೆ.

ಇನ್ನು ಅಂಗಡಿಯ ಬಿಸ್ಕತ್ತು, ಗ್ರಾನೋಲಾ, ಎನರ್ಜಿ ಬಾರ್‌ಗಳ ವಿಷಯ. ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಅಂತ ಮುಂದೆ ದೊಡ್ಡದಾಗಿ ಬರೆದಿದ್ದರೆ ಹಿಂದೆ ತಿರುಗಿಸಿ ಎರಡು ಕಡೆ ನೋಡಿ. ಪದಾರ್ಥಗಳ ಸಾಲಿನಲ್ಲಿ ಬೆಲ್ಲ, ಜೇನು, ಖರ್ಜೂರದ ಪಾಕ ಎಷ್ಟನೆಯ ಜಾಗದಲ್ಲಿದೆ ಅಂತ ಒಂದು. ಸಾಮಾನ್ಯವಾಗಿ ಅಲ್ಲಿ ತೂಕದ ಇಳಿಕೆಯ ಕ್ರಮದಲ್ಲೇ ಬರೆದಿರುತ್ತಾರೆ, ಮೊದಲ ಮೂರರಲ್ಲಿದ್ದರೆ ಅದು ಸಿಹಿ ತಿಂಡಿಯೇ. ಪೋಷಕಾಂಶದ ಪಟ್ಟಿಯಲ್ಲಿ ಸೇರಿಸಿದ ಸಕ್ಕರೆ ಎಷ್ಟು ಗ್ರಾಂ ಅಂತ ಇನ್ನೊಂದು. ಆ ಅಂಕಿಯನ್ನು 4ರಿಂದ ಭಾಗಿಸಿದರೆ ಎಷ್ಟು ಚಮಚ ಅಂತ ತಕ್ಷಣ ಸಿಗುತ್ತದೆ. ಅಂಕಿ ಒಂದು ಸಲ ತಿನ್ನುವ ಪ್ರಮಾಣಕ್ಕೋ, 100 ಗ್ರಾಂಗೋ ಅನ್ನೋದನ್ನು ಮಾತ್ರ ಭಾಗಿಸುವ ಮೊದಲು ನೋಡಿಕೊಳ್ಳಿ.